ಸೊಪ್ಪು ಚೀಲ ಸೇರುವ ಮುನ್ನ: ಗಿಡಮೂಲಿಕೆ ಕೊಳ್ಳುವವರಿಗೆ ಎಂಟು ಸೂತ್ರಗಳು

ಮುಖಲೇಪದ ಪುಡಿ, ತಲೆಗೆ ಹಚ್ಚುವ ಪುಡಿ, ಗಿಡಮೂಲಿಕೆ ಎಣ್ಣೆ ಮಾಡಿ ಮಾರುವ ಸಣ್ಣ ಉದ್ಯಮಗಳು ಊರೂರಲ್ಲಿ ಹುಟ್ಟಿಕೊಂಡಿವೆ. ಡಬ್ಬಿಯ ಮೇಲೆ 'ಶುದ್ಧ ಬೇವು' ಎಂದು ಅಚ್ಚು ಹಾಕಿಸುವುದು ಒಂದು ದಿನದ ಕೆಲಸ. ಒಳಗಿರುವುದು ಬೇವೇ, ಅದರಲ್ಲಿ ಮಣ್ಣಿಲ್ಲ, ಬೂಸ್ಟು ಇಲ್ಲ, ಕೀಟನಾಶಕದ ಉಳಿಕೆ ಇಲ್ಲ ಎಂದು ಧೈರ್ಯವಾಗಿ ಹೇಳಬೇಕಾದರೆ ಹೊಲದಿಂದಲೇ ಕೆಲಸ ಶುರುವಾಗಬೇಕು. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಸರಕು ಹುಡುಕುವವರಿಗಾಗಿ ಈ ಸೂತ್ರಗಳು. ಲೆಕ್ಕ ಸುಲಭವಾಗಲೆಂದು ಒಂದೇ ಉದಾಹರಣೆಯನ್ನು ಉದ್ದಕ್ಕೂ ಹಿಡಿದುಕೊಳ್ಳೋಣ: ತಲಾ 20 ಕಿಲೋದ 25 ಚೀಲಗಳಲ್ಲಿ ಒಟ್ಟು 500 ಕಿಲೋ ಒಣ ಬೇವಿನ ಎಲೆ.

1. ರೈತರಿಂದ ಏನು, ಸಗಟು ಅಂಗಡಿಯಿಂದ ಏನು ಎಂದು ಮೊದಲೇ ಬೇರ್ಪಡಿಸಿ

ಈ ಐದೂ ತಾಲ್ಲೂಕುಗಳು ಮಳೆ ಕಡಿಮೆ ಬೀಳುವ ಬಯಲುಸೀಮೆ. ಇಲ್ಲಿ ಬೇವು ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಊರ ಕಟ್ಟೆಯಲ್ಲಿ ಧಾರಾಳವಾಗಿದೆ. ಹಳದಿ ಹೂವಿನ ಆವರಿಕೆ ಬೀಳುಭೂಮಿಯಲ್ಲಿ ತಾನಾಗಿ ಬೆಳೆಯುತ್ತದೆ. ನುಗ್ಗೆಯ ತೋಟಗಳಿವೆ. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಕಡೆ ದಾಳಿಂಬೆ ಇದೆ, ಹಡಗಲಿಯಲ್ಲಿ ಮಲ್ಲಿಗೆ ಇದೆ. ಲೋಳೆಸರವನ್ನು ನೀರಾವರಿ ಇಲ್ಲದ ಹೊಲದಲ್ಲೂ ಬೆಳೆಸಬಹುದು. ಇವನ್ನು ಕಣ್ಣಾರೆ ನೋಡಿ ರೈತರಿಂದಲೇ ಕೊಳ್ಳಲು ಸಾಧ್ಯ.

ಸೀಗೆಕಾಯಿಯ ಮಾತು ಬೇರೆ. ಅದು ತೇವ ಇರುವ ಕಾಡಿನ ಬಳ್ಳಿ, ಮಲೆನಾಡಿನ ಕಡೆಯಿಂದ ಬರುವ ಸರಕು. ಮೆಹಂದಿಯ ದೊಡ್ಡ ಮಾರುಕಟ್ಟೆ ರಾಜಸ್ಥಾನದ ಸೋಜತ್. ಕಸ್ತೂರಿ ಅರಿಶಿನವೂ ಇಲ್ಲಿಯ ಹೊಲದ ಬೆಳೆಯಲ್ಲ. ಇವು ಗ್ರಂಥಿಗೆ ಅಂಗಡಿಯಿಂದಲೋ ಸಗಟು ವ್ಯಾಪಾರಿಯಿಂದಲೋ ಬರಬೇಕು, ಹಾಗೆ ಬಂದದ್ದನ್ನು ಪರೀಕ್ಷಿಸುವ ರೀತಿಯೂ ಬೇರೆ. 'ನಮ್ಮೂರ ಸೀಗೆಕಾಯಿ, ಎಷ್ಟು ಟನ್ ಬೇಕಾದರೂ ಕೊಡುತ್ತೇನೆ' ಎಂದು ದಲ್ಲಾಳಿಯೊಬ್ಬರು ಹೇಳಿದರೆ ಬಳ್ಳಿ ತೋರಿಸಿ ಎಂದು ಕೇಳಿ. ಊರ ಹೆಸರನ್ನು ಡಬ್ಬಿಯ ಮೇಲೆ ಹಾಕುವುದಾದರೆ ರೈತರ ಪಟ್ಟಿಯಲ್ಲಿರುವ ವಸ್ತುಗಳಿಗೆ ಮಾತ್ರ ಹಾಕಿ.

2. ಪುಡಿ ಕೊಳ್ಳಬೇಡಿ, ಇಡಿಯಾಗಿಯೇ ಕೊಳ್ಳಿ

ಪುಡಿಯಾದ ಮೇಲೆ ಯಾವ ಸೊಪ್ಪೂ ತನ್ನ ಗುರುತು ಹೇಳುವುದಿಲ್ಲ. ಎಲೆ, ಹೂ, ಬೇರು ಇಡಿಯಾಗಿದ್ದರೆ ಕಣ್ಣೇ ಅರ್ಧ ಪರೀಕ್ಷೆ ಮುಗಿಸುತ್ತದೆ. ಹೆಚ್ಚುಕಡಿಮೆ ಒಂದೇ ಬೆಲೆಗೆ ಎಲೆಯೂ ಪುಡಿಯೂ ಸಿಕ್ಕರೆ ಎಲೆಯನ್ನೇ ತಂದು ನಿಮ್ಮ ಗಿರಣಿಯಲ್ಲಿ ಬೀಸಿಕೊಳ್ಳಿ.

ಬೇವಿನಲ್ಲೇ ದೊಡ್ಡ ಗೊಂದಲವಿದೆ. ಪ್ಲೈವುಡ್ಡಿಗೆಂದು ರೈತರು ಹೆಬ್ಬೇವನ್ನು ತೋಟದ ಲೆಕ್ಕದಲ್ಲಿ ನೆಟ್ಟಿದ್ದಾರೆ. ಹೆಸರಲ್ಲಿ ಬೇವು ಇದ್ದರೂ ಅದು ಮೀಲಿಯಾ ಜಾತಿಯ ಮರ. ನಮಗೆ ಬೇಕಾದ ಬೇವಿನ ವೈಜ್ಞಾನಿಕ ಹೆಸರು ಅಝಾಡಿರಕ್ಟಾ ಇಂಡಿಕಾ. ವ್ಯತ್ಯಾಸ ಹಿಡಿಯುವುದು ಕಷ್ಟವಲ್ಲ. ಬೇವಿನ ಕಡ್ಡಿಯ ಎರಡೂ ಕಡೆ ಎಲೆಗಳು ನೇರವಾಗಿ ಸಾಲುಗಟ್ಟಿರುತ್ತವೆ. ಹೆಬ್ಬೇವು, ತುರುಕಬೇವುಗಳಲ್ಲಿ ಕಡ್ಡಿಯಿಂದ ಕವಲು ಕಡ್ಡಿ ಒಡೆದು ಅದರ ಮೇಲೆ ಎಲೆ ಬರುತ್ತದೆ. ಉದುರಿಸಿದ ಎಲೆ ಮಾತ್ರ ಕೈಗೆ ಬಂದರೆ ಬುಡ ನೋಡಿ. ಬೇವಿನ ಎಲೆ ಕುಡುಗೋಲಿನಂತೆ ಬಾಗಿ, ನಡುನರದ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾಗಿರುತ್ತದೆ. ಅಂಚು ಗರಗಸದ ಹಲ್ಲಿನಂತಿರುತ್ತದೆ. ಅದಕ್ಕೇ ಸರಕು ಒಪ್ಪಿಸುವವರಿಗೆ ಒಂದು ಮಾತು ಮೊದಲೇ ಹೇಳಿಡಿ: ಪ್ರತಿ ಚೀಲದಲ್ಲೂ ಕಡ್ಡಿ ಸಮೇತವಾದ ನಾಲ್ಕೈದು ಗೊನೆಗಳಿರಲಿ.

ಮೊದಲ ಸಲ ಕೊಳ್ಳುವಾಗ ಹೂವೋ ಕಾಯೋ ಇರುವ ಒಂದು ಕೊಂಬೆಯನ್ನು ಹಳೆಯ ಪತ್ರಿಕೆಯ ನಡುವೆ ಒತ್ತಿ ಒಣಗಿಸಿ, ಎಲ್ಲಿ, ಯಾವಾಗ, ಯಾರ ಹೊಲದಿಂದ ಎಂದು ಬರೆದು ಇಟ್ಟುಕೊಳ್ಳಿ. ಗುರುತು ಖಚಿತವಾಗದಿದ್ದರೆ ಬೆಂಗಳೂರಿನ ಟಿಡಿಯು ವಿಶ್ವವಿದ್ಯಾಲಯದಂಥ ಕಡೆ ಸಸ್ಯವಿಜ್ಞಾನಿಗಳು ಗುರುತಿಸಿ ಬರಹದಲ್ಲಿ ಕೊಡುತ್ತಾರೆ. ಹಿಂದೆ ಎಫ್‌ಆರ್‌ಎಲ್‌ಎಚ್‌ಟಿ ಎಂದು ಹೆಸರಾಗಿದ್ದ ಸಂಸ್ಥೆಯ ಬಳಗ ಅದು, ಔಷಧಿ ಸಸ್ಯಗಳ ದೊಡ್ಡ ಸಂಗ್ರಹ ಅಲ್ಲಿದೆ. ಒಂದು ಸಸ್ಯಕ್ಕೆ ಒಮ್ಮೆ ಈ ಕಾಗದ ಮಾಡಿಸಿಟ್ಟರೆ ಮುಂದಿನ ಪ್ರತಿ ಚೀಲವನ್ನೂ ಆ ಕೊಂಬೆಯ ಪಕ್ಕ ಇಟ್ಟು ನೋಡಬಹುದು.

3. ಮರ ನೋಡುವ ಮುನ್ನ ಮರ ನಿಂತ ಜಾಗ ನೋಡಿ

ಒಂದೇ ಊರಿನ ಎರಡು ಬೇವಿನ ಮರಗಳ ಎಲೆ ಒಂದೇ ಗುಣದ್ದಾಗಿರಬೇಕಿಲ್ಲ. ಹೊಸಪೇಟೆ–ಚಿತ್ರದುರ್ಗ ಹೆದ್ದಾರಿಯ ಅಂಚಿನ ಮರ ಹಗಲು ರಾತ್ರಿ ವಾಹನಗಳ ಹೊಗೆ ಕುಡಿಯುತ್ತದೆ. ಕೂಡ್ಲಿಗಿಯ ಪಕ್ಕದ ಸಂಡೂರು ಕಬ್ಬಿಣದ ಅದಿರಿನ ನಾಡು. ಅದಿರಿನ ಲಾರಿ ಓಡಾಡುವ ದಾರಿಯ ಮರಗಳ ಎಲೆ ಕೆಂಪಗಾಗಿರುವುದು ಬರಿಗಣ್ಣಿಗೇ ಕಾಣುತ್ತದೆ. ಆ ಧೂಳು ತೊಳೆದರೂ ಪೂರ್ತಿ ಹೋಗುವುದಿಲ್ಲ. ಇಂಥ ರಸ್ತೆಗಳಿಂದ ದೂರವಿರುವ, ಊರೊಳಗಿನ ಅಥವಾ ಹೊಲದ ನಡುವಿನ ಮರಗಳನ್ನೇ ಆರಿಸಿ.

ಹೊಲದ ಬದುವಿನ ಮರಕ್ಕೂ ಒಂದು ಅಪಾಯವಿದೆ. ಪಕ್ಕದಲ್ಲಿ ಹತ್ತಿ, ಮೆಣಸಿನಕಾಯಿ, ಮೆಕ್ಕೆಜೋಳ ಇದ್ದರೆ ಅವಕ್ಕೆ ಹೊಡೆದ ಕೀಟನಾಶಕ ಗಾಳಿಯಲ್ಲಿ ತೇಲಿ ಬೇವಿನ ಮೇಲೂ ಕೂರುತ್ತದೆ. ಆದ್ದರಿಂದ 'ನೀವು ಬೇವಿಗೆ ಏನಾದರೂ ಹೊಡೀತೀರಾ?' ಎಂದು ಕೇಳಿದರೆ ಸಾಲದು, ಅದಕ್ಕೆ 'ಇಲ್ಲ' ಎಂಬ ಉತ್ತರ ಬರುತ್ತದೆ, ಅದು ನಿಜವೂ ಹೌದು. ಹೀಗೆ ಕೇಳಿ: 'ಯಜಮಾನ್ರೆ, ಈ ಬದುವಿನ ಆಚೀಚೆ ಹೊಲಕ್ಕೆ ಕೊನೇ ಸಲ ಎಣ್ಣೆ ಹೊಡೆದಿದ್ದು ಯಾವಾಗ, ಯಾವ ಎಣ್ಣೆ?' ಉತ್ತರವನ್ನು ದಿನಾಂಕದ ಜೊತೆ ಪುಸ್ತಕದಲ್ಲಿ ಬರೆದುಕೊಳ್ಳಿ.

ದಾಳಿಂಬೆ ಸಿಪ್ಪೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ದುಂಡಾಣು ಅಂಗಮಾರಿ ರೋಗ ತಡೆಯಲು ದಾಳಿಂಬೆಗೆ ತಾಮ್ರದ ಔಷಧಿಯನ್ನೂ ಸ್ಟ್ರೆಪ್ಟೋಸೈಕ್ಲಿನ್ನನ್ನೂ ಮತ್ತೆ ಮತ್ತೆ ಸಿಂಪಡಿಸುತ್ತಾರೆ. ಸಿಂಪಡಿಸಿದ್ದೆಲ್ಲ ಕೂರುವುದು ಸಿಪ್ಪೆಯ ಮೇಲೆ, ನೀವು ಕೊಳ್ಳುವುದೂ ಸಿಪ್ಪೆಯನ್ನೇ. ಸಿಂಪಡಣೆಯ ಪುಸ್ತಕ ತೋರಿಸದ ತೋಟದ ಸಿಪ್ಪೆ ಅಗ್ಗಕ್ಕೆ ಸಿಕ್ಕರೂ ಬೇಡ.

ಕಾಡಿನ ಸೊಪ್ಪಿಗೆ ಕಾನೂನಿನ ಗಡಿಯೂ ಇದೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮದ ಒಳಗಿನಿಂದ ಯಾರೋ ಕಿತ್ತು ತಂದ ಸರಕನ್ನು ಕೊಂಡರೆ ತೊಂದರೆ ನಿಮ್ಮ ತಲೆಗೂ ಸುತ್ತಿಕೊಳ್ಳುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸಸ್ಯಗಳನ್ನು ವ್ಯಾಪಾರಕ್ಕೆ ಬಳಸುವ ಉದ್ಯಮಗಳು ರಾಜ್ಯ ಜೀವವೈವಿಧ್ಯ ಮಂಡಳಿಯ ನಿಯಮಕ್ಕೆ ಒಳಪಡುತ್ತವೆ. 2023ರ ತಿದ್ದುಪಡಿ ಬೆಳೆಸಿದ ಔಷಧಿ ಸಸ್ಯಗಳಿಗೆ ವಿನಾಯಿತಿ ಕೊಟ್ಟಿದೆ, ಆದರೆ ಅವು ಬೆಳೆಸಿದವೇ ಎಂಬುದಕ್ಕೆ ಮೂಲದ ಪ್ರಮಾಣಪತ್ರ ಬೇಕು. ರೈತರ ಹೊಲದ ಸರ್ವೆ ನಂಬರನ್ನು ಮೊದಲ ದಿನವೇ ಬರೆದಿಟ್ಟುಕೊಂಡರೆ ಈ ಕಾಗದ ಮಾಡಿಸುವುದು ಸುಲಭ.

4. ಒಣಗಿಸುವ ಕೆಲಸಕ್ಕೆ ಬೇರೆಯಾಗಿ ದುಡ್ಡು ಕೊಡಿ

ಗಿಡಮೂಲಿಕೆಯ ಗುಣ ಉಳಿಯುವುದೂ ಕೆಡುವುದೂ ಒಣಗುವ ನಾಲ್ಕೈದು ದಿನಗಳಲ್ಲಿ. ಹಸಿ ಬೇವಿನ ಎಲೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನೀರು. ನಮ್ಮ 500 ಕಿಲೋ ಒಣ ಎಲೆಯಲ್ಲಿ ಶೇ 8 ತೇವ ಉಳಿಯಬೇಕು ಎಂದಾದರೆ ಅದರೊಳಗಿನ ಒಣ ಪದಾರ್ಥ 460 ಕಿಲೋ. ಹಸಿ ಎಲೆಯಲ್ಲಿ ಶೇ 65 ನೀರು ಎಂದು ಹಿಡಿದರೆ ಕೀಳಬೇಕಾದ ಹಸಿ ಎಲೆ ಸುಮಾರು 1,300 ಕಿಲೋ. ಅಂದರೆ ಎಂಟು ಕ್ವಿಂಟಲ್ ನೀರನ್ನು ರೈತ ಕುಟುಂಬವೊಂದು ನೆರಳಲ್ಲಿ ಹೊರಹಾಕಬೇಕು. ಹಸಿ ಎಲೆಯ ಬೆಲೆ ಮಾತ್ರ ಲೆಕ್ಕ ಹಾಕಿ ದರ ಕಟ್ಟಿದರೆ ಅವರು ಬೇಗ ಮುಗಿಸಲು ಬಿಸಿಲಿಗೆ ಹಾಕುತ್ತಾರೆ. ಎಲೆ ಹಳದಿ ತಿರುಗಿ ಕಂದಾಗುತ್ತದೆ, ಘಮ ಹೋಗುತ್ತದೆ.

ಕ್ರಮ ಹೀಗಿರಲಿ. ಚಿಗುರು ಬಲಿತು ಕಡುಹಸಿರಾದ ಮೇಲೆ, ಮುಂಗಾರು ಹಿಡಿಯುವ ಮುನ್ನ ಕೀಳಬೇಕು. ಮಳೆಗಾಲದಲ್ಲಿ ಕಿತ್ತದ್ದು ಒಣಗದೆ ಬೂಸ್ಟು ಹಿಡಿಯುತ್ತದೆ. ಮಳೆ ನಿಂತ ಮೇಲೆ ನವೆಂಬರಿನಿಂದ ಇನ್ನೊಂದು ಸುತ್ತು ಕೀಳಬಹುದು. ಒಂದು ಮರದ ಮೂರನೇ ಒಂದು ಪಾಲಿಗಿಂತ ಹೆಚ್ಚು ಸೊಪ್ಪು ತೆಗೆಯಬಾರದು. ಕಿತ್ತ ಸೊಪ್ಪನ್ನು ಶುದ್ಧ ನೀರಲ್ಲಿ ಜಾಲಾಡಿ, ನೀರು ಬಸಿದು, ನೆಲದಿಂದ ಎತ್ತರಕ್ಕೆ ಕಟ್ಟಿದ ಬಲೆಯ ಮೇಲೆ ಎರಡು ಬೆರಳಿಗಿಂತ ದಪ್ಪವಾಗದಂತೆ ಹರಡಿ ನೆರಳಲ್ಲಿ ಗಾಳಿಯಾಡಲು ಬಿಡಬೇಕು. ದಿನಕ್ಕೆ ಎರಡು ಸಲ ಕೈಯಾಡಿಸಬೇಕು.

ನಮ್ಮ ಹಳ್ಳಿಗಳಲ್ಲಿ ಒಕ್ಕಣೆಯ ಕಣವನ್ನು ಸಗಣಿಯಿಂದ ಸಾರಿಸುವುದು ವಾಡಿಕೆ. ಜೋಳಕ್ಕೆ, ರಾಗಿಗೆ ಅದು ಸರಿ. ಮುಖಕ್ಕೆ ಹಚ್ಚುವ ಸೊಪ್ಪನ್ನು ಅಲ್ಲಿ ಹರಡಿದರೆ ಸಗಣಿಯ ಸೂಕ್ಷ್ಮಾಣು ಪುಡಿಯವರೆಗೂ ಬರುತ್ತದೆ. ಡಾಂಬರು ರಸ್ತೆಯ ಮೇಲೆ ಹರಡುವುದೂ ಬೇಡ. ಬಲೆ, ಬಿದಿರು, ತಾಡಪತ್ರಿಯನ್ನು ನೀವೇ ಕೊಡಿಸಿ. ರೈತರಿಗೆ ಅದರ ಖರ್ಚು ದೊಡ್ಡದು, ನಿಮಗೆ ಒಂದು ಸಲದ್ದು.

ಕೂಲಿಯ ಕಾಲವನ್ನೂ ಗಮನದಲ್ಲಿಡಿ. ಮೈಲಾರದ ಕಾರಣಿಕ ಮತ್ತು ಕೊಟ್ಟೂರೇಶ್ವರನ ರಥೋತ್ಸವ ಫೆಬ್ರವರಿಯ ಆಸುಪಾಸಿನಲ್ಲಿ ಬರುತ್ತವೆ. ಆ ದಿನಗಳಲ್ಲಿ ಕೊಯ್ಲು ಒಪ್ಪಿಸಿದರೆ ಕಿತ್ತ ಸೊಪ್ಪನ್ನು ಕೈಯಾಡಿಸುವವರು ಇರುವುದಿಲ್ಲ, ರಾಶಿಯಲ್ಲೇ ಬೆಂದು ಕೆಡುತ್ತದೆ. ತಾಂಡಾಗಳಿಂದ ಗುಳೆ ಹೋಗುವ ಕುಟುಂಬಗಳಿಗೆ ಈ ಕೆಲಸ ಸಿಗಬೇಕಾದರೆ ಅವರು ಹೊರಡುವ ಮುನ್ನವೇ ಮಾತಾಡಿ ದಿನ ಗೊತ್ತುಮಾಡಿಕೊಳ್ಳಿ.

5. ನೀರಿಗೆ ದುಡ್ಡು ಕೊಡಬೇಡಿ, ಒಣ ತೂಕಕ್ಕೆ ಕೊಡಿ

500 ಕಿಲೋ ಎಲೆ ಬಂತು, ತೇವ ಶೇ 8 ಇರಬೇಕಿತ್ತು, ಪರೀಕ್ಷೆಯಲ್ಲಿ ಶೇ 14 ಎಂದು ಗೊತ್ತಾಯಿತು ಎಂದುಕೊಳ್ಳಿ. ಅದರಲ್ಲಿ ಒಣ ಪದಾರ್ಥ 430 ಕಿಲೋ. ಶೇ 8 ತೇವದ ಲೆಕ್ಕಕ್ಕೆ ತಂದರೆ 430ನ್ನು 0.92ರಿಂದ ಭಾಗಿಸಬೇಕು, ಅದು 467 ಕಿಲೋ ಆಗುತ್ತದೆ. ಉಳಿದ 33 ಕಿಲೋ ಬರಿ ನೀರು. ಕಿಲೋಗೆ 80 ರೂಪಾಯಿ ದರ ಎಂದು ಹಿಡಿದರೆ 2,640 ರೂಪಾಯಿ ನೀರಿಗೆ ಹೋಯಿತು. ನಷ್ಟ ಇಷ್ಟಕ್ಕೇ ನಿಲ್ಲುವುದಿಲ್ಲ. ಶೇ 14 ತೇವದ ಚೀಲವನ್ನು ಗೋದಾಮಿನಲ್ಲಿ ಪೇರಿಸಿಟ್ಟರೆ ನಡುವಿನ ಚೀಲ ಬೆವರಿ ಬೂಸ್ಟು ಹಿಡಿಯುತ್ತದೆ, ಇಡೀ ಸರಕು ಹೋಗುತ್ತದೆ.

ಅದಕ್ಕೆ ಒಪ್ಪಂದದಲ್ಲೇ ಬರೆಯಿರಿ: ದರ ಶೇ 8 ತೇವಕ್ಕೆ, ಶೇ 10ರ ತನಕ ತೂಕ ಕಡಿತ, ಅದಕ್ಕೂ ಮೇಲಿದ್ದರೆ ರೈತರ ಎದುರಲ್ಲೇ ಮತ್ತೆ ಒಣಗಿಸುವುದು. ಒಣಗಿಸಿ ತಂದದ್ದು ಶೇ 7ಕ್ಕೆ ಇಳಿದಿದ್ದರೆ ಅದೇ ಲೆಕ್ಕದಲ್ಲಿ ಹೆಚ್ಚಿಗೆ ಕೊಡಿ. ಕಡಿತ ಇದ್ದಲ್ಲಿ ಹೆಚ್ಚಳವೂ ಇರಬೇಕು, ಆಗ ಮಾತ್ರ ರೈತರು ಈ ಲೆಕ್ಕವನ್ನು ನಂಬುತ್ತಾರೆ. ತೂಕ ಮಾಡುವ ಕಾಟಾ ಅವರ ಕಣ್ಣೆದುರೇ ಇರಲಿ.

ಚೀಲದ ವಿಷಯವನ್ನೂ ಇಲ್ಲೇ ತೀರ್ಮಾನಿಸಿ. ಹಳ್ಳಿಯಲ್ಲಿ ಸುಲಭವಾಗಿ ಸಿಗುವುದು ಯೂರಿಯಾ, ಡಿಎಪಿ ಚೀಲ. ಎಷ್ಟೇ ತೊಳೆದರೂ ಅದರಲ್ಲಿ ಸೊಪ್ಪು ತುಂಬಬಾರದು. ಒಳಗೆ ಪ್ಲಾಸ್ಟಿಕ್ ಹೊದಿಕೆ ಇರುವ ಹೊಸ ಚೀಲಗಳನ್ನು ನೀವೇ ಕಳಿಸಿ. ಎಲೆ ಪೂರ್ತಿ ತಣ್ಣಗಾದ ಮೇಲೆ ಮಾತ್ರ ಕಟ್ಟಿಸಿ.

6. ಬಂದ ದಿನವೇ ಚೀಲ ಬಿಚ್ಚಿ ನೋಡಿ

ಎಲ್ಲ ಚೀಲ ಬಿಚ್ಚುವ ಅಗತ್ಯವಿಲ್ಲ. ಚೀಲಗಳ ಸಂಖ್ಯೆಯ ವರ್ಗಮೂಲಕ್ಕೆ ಒಂದು ಕೂಡಿಸಿ. 25 ಚೀಲಕ್ಕೆ 5 ಮತ್ತು 1, ಒಟ್ಟು 6 ಚೀಲ. ಆ ಆರನ್ನು ನೀವೇ ಆರಿಸಿ, ಲಾರಿಯವರು ಮುಂದೆ ತಳ್ಳಿದ್ದನ್ನಲ್ಲ. ಪ್ರತಿ ಚೀಲದ ಬಾಯಿ, ನಡು, ತಳ ಮೂರೂ ಕಡೆಯಿಂದ ಹಿಡಿಹಿಡಿ ತೆಗೆದು ಎಲ್ಲ ಕಲಸಿ. ಮೋಸ ಇದ್ದರೆ ಸಾಮಾನ್ಯವಾಗಿ ತಳದಲ್ಲಿರುತ್ತದೆ.

ಕಲಸಿದ್ದರಿಂದ 250 ಗ್ರಾಂ ತೂಗಿ ಬಿಳಿ ಹಾಳೆಯ ಮೇಲೆ ಹರಡಿ. ಕಡ್ಡಿ, ಬೇರೆ ಎಲೆ, ಕಲ್ಲು, ಗರಿ, ಕೂದಲು, ಹುಳು ಬೇರೆ ಮಾಡಿ ತೂಗಿ. ಆಯುರ್ವೇದ ಫಾರ್ಮಾಕೋಪಿಯಾ ಬೇವಿನ ಎಲೆಗೆ ಹೊರಪದಾರ್ಥ ಶೇ 2ರ ಒಳಗೆ ಎನ್ನುತ್ತದೆ. ಅಂದರೆ 250 ಗ್ರಾಮಿನಲ್ಲಿ 5 ಗ್ರಾಂ. ಗುರುತಿಗೆಂದು ನೀವೇ ಕೇಳಿ ಹಾಕಿಸಿದ ಗೊನೆಯ ಕಡ್ಡಿಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ತೇವಕ್ಕೆ ಎಲೆಯನ್ನು ಪುಡಿ ಮಾಡಿ 10 ಗ್ರಾಂ ತೂಗಿ, 105 ಡಿಗ್ರಿ ಒಲೆಯಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ ಮತ್ತೆ ತೂಗಿ. 10 ಗ್ರಾಂ 9.2 ಆದರೆ ತೇವ ಶೇ 8. ಹತ್ತು ಮಿಲಿಗ್ರಾಂ ತೋರಿಸುವ ಸಣ್ಣ ತಕ್ಕಡಿ ಬೇಕು. ಒಲೆ ಇಲ್ಲದ ದಿನ ಕೈಯ ಪರೀಕ್ಷೆ ಸಾಕಷ್ಟು ಹೇಳುತ್ತದೆ: ಚೆನ್ನಾಗಿ ಒಣಗಿದ ಎಲೆ ಹಿಡಿದರೆ ಪರಪರ ಮುರಿಯುತ್ತದೆ, ನಡುನರ ಬಾಗದೆ ಟಕ್ಕೆಂದು ತುಂಡಾಗುತ್ತದೆ.

ಮಣ್ಣು ತಿಳಿಯಲು ಒಂದು ಚಮಚ ಪುಡಿಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಕದಡಿ ಬಿಡಿ. ಪುಡಿ ತೇಲುತ್ತ ನಿಧಾನಕ್ಕೆ ಇಳಿಯುತ್ತದೆ, ಮರಳು ಕೂಡಲೇ ತಳ ಹಿಡಿಯುತ್ತದೆ. ಕೆಂಪು ನೆಲದ ಈ ಸೀಮೆಯಲ್ಲಿ ತಳದ ಬಣ್ಣವೇ ಸಾಕ್ಷಿ. ಬಣ್ಣ ಬೆರಸಿದ್ದನ್ನು ತಿಳಿಯಲು ಒದ್ದೆ ಬಿಳಿ ಹಾಳೆಯ ಮೇಲೆ ಚಿಟಿಕೆ ಪುಡಿ ಉದುರಿಸಿ. ಎಲೆಯ ಸಹಜ ಹಸಿರು ನೀರಲ್ಲಿ ಕರಗುವುದಿಲ್ಲ. ಹಾಳೆಯ ಮೇಲೆ ಹೊಳೆಯುವ ಹಸಿರು ಗೆರೆಗೆರೆಯಾಗಿ ಹರಡಿದರೆ ಅದು ಮೇಲಿನಿಂದ ಸೇರಿಸಿದ ಬಣ್ಣ. ಅಂಥ ಸರಕನ್ನು ವಾಪಸ್ ಕಳಿಸಿ.

7. ಸಗಟು ಸರಕಿಗೆ ಕಾಗದ ಕೇಳಿ, ಕಾಗದವನ್ನೂ ಪರೀಕ್ಷಿಸಿ

ಗ್ರಂಥಿಗೆ ಅಂಗಡಿಯ ಸರಕಿಗೆ ಹೊಲ ಕಾಣುವುದಿಲ್ಲ, ಆದ್ದರಿಂದ ನಾಲ್ಕು ಪ್ರಶ್ನೆಗೆ ಬರಹದ ಉತ್ತರ ಬೇಕು: ಎಲ್ಲಿಯದು, ಯಾವ ತಿಂಗಳ ಕೊಯ್ಲು, ಲಾಟ್ ನಂಬರ್ ಏನು, ಆ ಲಾಟಿನ ಪ್ರಯೋಗಾಲಯ ವರದಿ ಎಲ್ಲಿ. ವರದಿ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಅದರ ಮೇಲಿನ ಲಾಟ್ ನಂಬರ್ ಮತ್ತು ಚೀಲದ ಮೇಲಿನ ಲಾಟ್ ನಂಬರ್ ಒಂದೇ ಆಗಿದೆಯೇ ಎಂಬುದು. ಎರಡು ವರ್ಷ ಹಳೆಯ ವರದಿಯ ನಕಲನ್ನು ಪ್ರತಿ ಸರಕಿನ ಜೊತೆ ಕೊಡುವವರಿದ್ದಾರೆ. ಪ್ರಯೋಗಾಲಯಕ್ಕೆ ಎನ್‌ಎಬಿಎಲ್ ಮಾನ್ಯತೆ ಇದೆಯೇ ಎಂದು ನೋಡಿ, ವರದಿಯ ಸಂಖ್ಯೆ ಹೇಳಿ ಅಲ್ಲಿಗೇ ವಿಚಾರಿಸಿ.

ಕಸ್ತೂರಿ ಅರಿಶಿನ ಇಲ್ಲಿ ಹೆಚ್ಚು ಮೋಸವಾಗುವ ಸರಕು. ನಿಜವಾದದ್ದು ಅಡುಗೆ ಅರಿಶಿನದಂತೆ ಗಾಢ ಹಳದಿ ಇರುವುದಿಲ್ಲ. ಕೆನೆ ಬಣ್ಣಕ್ಕೆ ಹತ್ತಿರ, ಮುರಿದರೆ ಕರ್ಪೂರದಂಥ ಘಮ, ಚರ್ಮಕ್ಕೆ ಕಲೆ ಹಿಡಿಸುವುದಿಲ್ಲ. ಕೈಗೆ ಹಳದಿ ಅಂಟಿದರೆ ಅದು ಅಡುಗೆಯ ಅರಿಶಿನ. ಕೊಂಬು ಕೊಳ್ಳಿ, ಪುಡಿ ಬೇಡ. ಮೆಹಂದಿಯಲ್ಲಿ ಇನ್ನೊಂದು ಸುಳಿವು: ಶುದ್ಧ ಸೊಪ್ಪು ಕಿತ್ತಳೆಯಿಂದ ಶುರುವಾಗಿ ಗಂಟೆಗಳ ಮೇಲೆ ಕಂದಾಗುತ್ತದೆ. ಹಚ್ಚಿದ ಸ್ವಲ್ಪ ಹೊತ್ತಿಗೇ ಕಡುಗಪ್ಪು ಬಂದರೆ ಪಿಪಿಡಿ ಎಂಬ ರಾಸಾಯನಿಕ ಸೇರಿರುವ ಸಾಧ್ಯತೆ ಹೆಚ್ಚು. ಅದರಿಂದ ಕೆಲವರ ಚರ್ಮ ಬೊಬ್ಬೆ ಏಳುತ್ತದೆ. ಗಿಡಮೂಲಿಕೆ ಎಂದು ಹೇಳಿ ಅದನ್ನು ಮಾರುವುದು ಗ್ರಾಹಕರಿಗೆ ಮಾಡುವ ದ್ರೋಹ.

ಮಲ್ಲಿಗೆ ಎಣ್ಣೆಗೂ ಇದೇ ವಿವೇಕ ಬೇಕು. ಒಂದು ಟನ್ ಹೂವಿನಿಂದ ಸಿಗುವ ಮೇಣದಂಥ ಸುಗಂಧ ಸಾರ ಕೆಲವೇ ಕಿಲೋ, ಅದನ್ನು ಶುದ್ಧ ಮಾಡಿದಾಗ ಬರುವ ತೈಲ ಇನ್ನೂ ಕಡಿಮೆ. ಹೂವಿಗೆ ಕಿಲೋಗೆ 200 ರೂಪಾಯಿ ಎಂದು ಹಿಡಿದರೂ ಹೂವಿನ ಬೆಲೆಯೇ 2 ಲಕ್ಷ. ಲೀಟರಿಗೆ ಮೂರು ಸಾವಿರಕ್ಕೆ 'ಅಪ್ಪಟ ಮಲ್ಲಿಗೆ ತೈಲ' ಕೊಡುತ್ತೇವೆ ಎಂದರೆ ಅದು ಕೃತಕ ಸುಗಂಧ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಿಕೆ ಇದೆ. ಆ ಹೆಸರನ್ನು ಬಾಟಲಿಗೆ ಅಂಟಿಸಬೇಕಾದರೆ ಹೂ ಹಡಗಲಿ ಸೀಮೆಯದೇ ಆಗಿರಬೇಕು, ಬಳಕೆದಾರರ ನೋಂದಣಿಯ ನಿಯಮವನ್ನೂ ಪಾಲಿಸಬೇಕು. ಸಣ್ಣ ಉದ್ಯಮಕ್ಕೆ ಪ್ರಾಮಾಣಿಕವಾದ ದಾರಿ ಎಂದರೆ ಬೆಳೆಗಾರರಿಂದ ಮೊಗ್ಗು ಕೊಂಡು, ಒಂದು ರಾತ್ರಿ ಬಾಡಿಸಿ ನೀರಿನಂಶ ಇಳಿಸಿ, ಎಳ್ಳೆಣ್ಣೆಯಲ್ಲಿ ನೆನೆಸುವುದು. ಬಾಡಿಸದ ಹೂ ಹಾಕಿದರೆ ಅದರ ನೀರು ಎಣ್ಣೆಯನ್ನು ಕೆಡಿಸುತ್ತದೆ. ಹಾಗೆ ಮಾಡಿದ ಎಣ್ಣೆಯ ಘಮ ಮೆಲುವಾಗಿರುತ್ತದೆ, ಆದರೆ ಡಬ್ಬಿಯ ಮೇಲೆ ಬರೆದದ್ದು ನಿಜವಾಗಿರುತ್ತದೆ.

8. ಪ್ರಯೋಗಾಲಯದ ಖರ್ಚನ್ನು ಹಂಚಿ, ಚೀಲಕ್ಕೊಂದು ಜಾತಕ ಇಡಿ

ಪ್ರತಿ ಸರಕಿಗೂ ಎಲ್ಲ ಪರೀಕ್ಷೆ ಮಾಡಿಸುವಷ್ಟು ಹಣ ಸಣ್ಣ ಉದ್ಯಮಕ್ಕೆ ಇರುವುದಿಲ್ಲ. ಹೊಸ ರೈತರ ಅಥವಾ ಹೊಸ ವ್ಯಾಪಾರಿಯ ಮೊದಲ ಲಾಟಿಗೆ ಪೂರ್ತಿ ಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆ ಪೂರ್ತಿ, ನಡುವಿನ ಲಾಟುಗಳಿಗೆ ತೇವ, ಹೊರಪದಾರ್ಥ ಮತ್ತು ಸೂಕ್ಷ್ಮಾಣು ಮಾತ್ರ. ಹೀಗೆ ಹಂಚಿಕೊಂಡರೆ ಖರ್ಚು ಕೈಗೆಟುಕುತ್ತದೆ.

ಪೂರ್ತಿ ಪರೀಕ್ಷೆಯಲ್ಲಿ ಮೂರು ವಿಷಯ ಇರಲಿ. ಒಂದು, ಬೂದಿ. ಬೇವಿನ ಎಲೆಗೆ ಫಾರ್ಮಾಕೋಪಿಯಾ ಒಪ್ಪುವ ಒಟ್ಟು ಬೂದಿ ಶೇ 10ರ ಒಳಗೆ, ಆಮ್ಲದಲ್ಲಿ ಕರಗದ ಬೂದಿ ಶೇ 1ರ ಒಳಗೆ. ಈ ಕರಗದ ಬೂದಿ ಮಿತಿ ಮೀರಿದರೆ ಎಲೆಯಲ್ಲಿ ಮರಳು ಮಣ್ಣು ಉಳಿದಿದೆ ಎಂದರ್ಥ. ಎರಡು, ಭಾರಲೋಹ. ಆಯುಷ್ ಮಿತಿಗಳು ದಶಲಕ್ಷಕ್ಕೆ ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಪಾಲು. ಮೂರು, ಸೂಕ್ಷ್ಮಾಣು. ಗ್ರಾಮಿಗೆ ಒಟ್ಟು ಬ್ಯಾಕ್ಟೀರಿಯಾ ಒಂದು ಲಕ್ಷದ, ಬೂಸ್ಟು ಸಾವಿರದ ಒಳಗಿರಬೇಕು. ಇ ಕೋಲಿ, ಸಾಲ್ಮೊನೆಲ್ಲಾ ಇರಲೇಬಾರದು. ಇವು ಕಚ್ಚಾ ಮೂಲಿಕೆಯ ಮಿತಿಗಳು. ಸಿದ್ಧ ಸೌಂದರ್ಯವರ್ಧಕದ ಮಿತಿ ಇನ್ನೂ ಬಿಗಿ, ಅದಕ್ಕೆ 2020ರ ಸೌಂದರ್ಯವರ್ಧಕ ನಿಯಮಗಳಡಿ ತಯಾರಿಕಾ ಪರವಾನಗಿಯೂ ಬೇಕು. ಪಕ್ಕದ ಹೊಲ, ದಾಳಿಂಬೆ ತೋಟದ ಸಿಂಪಡಣೆಯ ಅನುಮಾನ ಇದ್ದರೆ ಕೀಟನಾಶಕ ಉಳಿಕೆಯನ್ನೂ ಸೇರಿಸಿ.

ಕೊನೆಗೆ ಜಾತಕ. ನಮ್ಮ 25 ಚೀಲಗಳ ಮೇಲೂ ಒಂದೇ ಲಾಟ್ ನಂಬರ್ ಬರೆಯಿರಿ, ಅದರಲ್ಲಿ ಸಸ್ಯ, ತಾಲ್ಲೂಕು, ಕೊಯ್ದ ತಿಂಗಳು, ಸರದಿ ಇರಲಿ. ಪುಸ್ತಕದಲ್ಲಿ ಆ ನಂಬರಿನ ಎದುರು ರೈತರ ಹೆಸರು, ಸರ್ವೆ ನಂಬರ್, ಪಕ್ಕದ ಹೊಲದ ಸಿಂಪಡಣೆ, ತೇವ, ಹೊರಪದಾರ್ಥ, ವರದಿಯ ಸಂಖ್ಯೆ ದಾಖಲಾಗಲಿ. ಅದೇ ಲಾಟಿನಿಂದ 200 ಗ್ರಾಂ ಗಾಳಿಯಾಡದ ಡಬ್ಬಿಯಲ್ಲಿ, ಅದರಿಂದ ಮಾಡಿದ ಕೊನೆಯ ಡಬ್ಬಿಯ ಅವಧಿ ಮುಗಿಯುವ ತನಕ ತೆಗೆದಿಡಿ. ನಾಳೆ ಗ್ರಾಹಕಿಯೊಬ್ಬರು ಮುಖ ಉರಿಯಿತು ಎಂದು ದೂರಿದರೆ ಡಬ್ಬಿಯ ನಂಬರಿನಿಂದ ಲಾಟಿಗೆ, ಲಾಟಿನಿಂದ ಹೊಲಕ್ಕೆ ಅರ್ಧ ಗಂಟೆಯಲ್ಲಿ ತಲುಪಬಹುದು. ಇಟ್ಟ ಮಾದರಿಯನ್ನು ಪರೀಕ್ಷೆಗೆ ಕಳಿಸಬಹುದು. ಕೆಟ್ಟ ಲಾಟಿನ ಡಬ್ಬಿಗಳನ್ನು ಮಾತ್ರ ವಾಪಸ್ ಪಡೆದರೆ ಸಾಕು, ಇಡೀ ಸರಕನ್ನಲ್ಲ. ಆ ಪುಸ್ತಕ ಇಲ್ಲದವರು ಮಾರಿದ್ದನ್ನೆಲ್ಲ ಹಿಂದಕ್ಕೆ ಕರೆಯಬೇಕಾಗುತ್ತದೆ.

ಇಷ್ಟನ್ನೆಲ್ಲ ಒಮ್ಮೆಗೇ ಮಾಡಲಾಗದಿದ್ದರೆ ಒಂದೇ ಸಸ್ಯ, ಒಂದೇ ಊರು, ನಾಲ್ಕು ರೈತ ಕುಟುಂಬಗಳಿಂದ ಶುರು ಮಾಡಿ. ಬಳ್ಳಾರಿ ಜಿಲ್ಲೆಯ ಹಗರಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದವರನ್ನೂ ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯವರನ್ನೂ ಕಂಡು ಬೆಳೆಗಾರರನ್ನು ಪರಿಚಯ ಮಾಡಿಕೊಳ್ಳಿ. ಒಣಗಿಸುವ ಬಲೆ, ಹೊಸ ಚೀಲ, ಸಣ್ಣ ತಕ್ಕಡಿ, ಒಂದು ಪುಸ್ತಕ: ಮೊದಲ ಹಂಗಾಮಿಗೆ ಇಷ್ಟು ಸಾಕು. ಅಗ್ಗದ ಪುಡಿಯಿಂದ ಉಳಿಸಿದ ದುಡ್ಡಿಗಿಂತ ಸರಿಯಾಗಿ ಒಣಗಿಸಿದ ಎಲೆಗೆ ಕೊಟ್ಟ ದುಡ್ಡೇ ನಿಮ್ಮ ಬ್ರಾಂಡನ್ನು ಹೆಚ್ಚು ಕಾಲ ಉಳಿಸುತ್ತದೆ. ಈ ಹಂಗಾಮಿನ ಮೊದಲ ಕೊಯ್ಲಿಗೆ ಮುನ್ನ ಊರಿಗೆ ಹೋಗಿ, ಮರ ನೋಡಿ, ಮಾತಾಡಿ, ಬರೆದುಕೊಳ್ಳಿ.